ಭಸ್ಮಾಸುರನ ಜೊತೆ ನಾಲ್ಕು ಊರು

ನನಗೆ ಎರಡು ಸಲ ನಿವೃತ್ತಿಯಾಗಿದೆ. ಮೊದಲನೆಯದು ಹೊನ್ನಾಳಿಯ ಪ್ರೌಢಶಾಲೆಯಿಂದ, ಕನ್ನಡ ಶಿಕ್ಷಕಿಯಾಗಿ. ಹಾರ, ಶಾಲು, ಹಣ್ಣಿನ ಬುಟ್ಟಿ, ನನ್ನ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿದ ಒಂದು ಭಾಷಣ, ಎಲ್ಲ ಸಾಂಗವಾಗಿ ನಡೆಯಿತು. ಎರಡನೆಯದು ನೃತ್ಯರೂಪಕಕ್ಕೆ ಸಾಹಿತ್ಯ ಬರೆಯುವ ಕೆಲಸದಿಂದ. ಅದಕ್ಕೆ ಯಾರೂ ಹಾರ ಹಾಕಲಿಲ್ಲ. ಆದರೆ ನಿಜ ಹೇಳುತ್ತೇನೆ, ಮೊದಲನೆಯ ಕೆಲಸ ಬಿಟ್ಟ ದಿನ ಮನೆಗೆ ಬಂದು ಸುಖವಾಗಿ ನಿದ್ದೆ ಮಾಡಿದೆ. ಎರಡನೆಯದನ್ನು ಬಿಟ್ಟ ದಿನ ಅತ್ತುಬಿಟ್ಟೆ.

ಈಗ ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. "ಮೇಡಂ, ರೂಪಕ ಬರಿಯಾದು ಹೆಂಗೆ?" ಎನ್ನುತ್ತಾರೆ. ಕೈಯಲ್ಲಿ ಆಗಲೇ ಇಪ್ಪತ್ತು ಪುಟ ಪದ್ಯ ಇರುತ್ತದೆ. ಪದ್ಯ ಬರೆದು ಕೊಟ್ಟರೆ ಆಯಿತು, ಕುಣಿಯುವವರು ಕುಣಿದುಕೊಳ್ಳುತ್ತಾರೆ ಎಂದು ಅವರ ಲೆಕ್ಕ. ನಾನೂ ಹಾಗೇ ಅಂದುಕೊಂಡಿದ್ದವಳು. ನನ್ನ ಆ ಜಂಬ ಇಳಿಸಲು ಒಬ್ಬ ರಾಕ್ಷಸನೇ ಬೇಕಾಯಿತು.

ನಮ್ಮೂರಿನಲ್ಲಿ ಭರತನಾಟ್ಯ ಕಲಿಸುವ ವನಜಾಕ್ಷಿ ಇದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು, ನನ್ನನ್ನು ಸರೋಜಕ್ಕ ಎನ್ನುತ್ತಿದ್ದರು, ನಾನು ವನಜಾ ಮೇಡಂ ಎನ್ನುತ್ತಿದ್ದೆ. ತಾಳ ತಟ್ಟುವ ಕೋಲು ಕೈಯಲ್ಲಿದ್ದರೆ ಅವರ ಎದುರಿಗೆ ನೊಣವೂ ಲಯ ತಪ್ಪಿ ಹಾರುತ್ತಿರಲಿಲ್ಲ. ಅವರ ಬಳಿ ಬರುವ ಮಕ್ಕಳ ತಂದೆತಾಯಿಗಳಿಗೆ ಬೇಕಾದದ್ದು ಒಂದೇ: ಜೂನಿಯರ್ ಪರೀಕ್ಷೆ, ಸೀನಿಯರ್ ಪರೀಕ್ಷೆ, ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟು. ವನಜಾ ಅವರಿಗೆ ಬೇಕಾದದ್ದು ಬೇರೆ. ಜೀವಮಾನದಲ್ಲಿ ಭರತನಾಟ್ಯ ನೋಡದ ಜನ ಒಂದು ಕಥೆಯನ್ನು ಕುಣಿತದಲ್ಲೇ ಹಿಡಿದು, ಕೊನೆಯವರೆಗೆ ಕೂತು ನೋಡಬೇಕು.

ಒಂದು ದಿನ ನಮ್ಮ ಮನೆಗೆ ಬಂದು, ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಿದರು: "ಸರೋಜಕ್ಕ, ಭಸ್ಮಾಸುರ ಮೋಹಿನಿ ಮಾಡಾಣ. ನಾಕು ಊರಾಗೆ ಆಟ ಒಪ್ಪಿಸೀನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಕರಾಗೆ ಒಂದು ಊರಿನ ಜನಾನಾದ್ರೂ ಕುಣಿತ ನೋಡಾಕೆ ಅಂತ ಕೊನೇ ಮಟ ಕೂತ್ರೆ ನಾನು ಗೆದ್ದಂಗೆ. ಇಲ್ಲಾಂದ್ರೆ ರೂಪಕದ ಸಹವಾಸ ಸಾಕು. ಪರೀಕ್ಷೆ ಪಾಠ ಹೇಳ್ಕಂಡು ತೆಪ್ಪಗೆ ಇದ್ದುಬಿಡ್ತೀನಿ."

ನಗುತ್ತಲೇ ಹೇಳಿದರು, ಆದರೆ ಕಣ್ಣು ನಗಲಿಲ್ಲ. ಹಟ ಹಿಡಿದರೆ ಬಿಡುವ ಹೆಂಗಸಲ್ಲ ಅದು. ನಾನು ಹೂಂ ಎಂದೆ.

ಕಥೆ ಆರಿಸಿದ್ದು ಮಾತ್ರ ಜಾಣತನ. ಎಷ್ಟೋ ಕಥೆಗಳಲ್ಲಿ ಕುಣಿತವನ್ನು ಮೇಲಿನಿಂದ ಅಂಟಿಸಬೇಕಾಗುತ್ತದೆ. ಇದರಲ್ಲಿ ಕುಣಿತವೇ ಆಯುಧ. ತಪಸ್ಸು ಮಾಡಿ, ಯಾರ ತಲೆ ಮುಟ್ಟಿದರೂ ಅವರು ಸುಟ್ಟು ಬೂದಿಯಾಗುವ ವರ ಪಡೆದ ರಾಕ್ಷಸ, ವರ ಕೊಟ್ಟ ಶಿವನ ತಲೆಯ ಮೇಲೇ ಕೈಯಿಡಲು ಅಟ್ಟಿಸಿಕೊಂಡು ಹೋಗುತ್ತಾನೆ. ವಿಷ್ಣು ಮೋಹಿನಿಯಾಗಿ ಅಡ್ಡ ಬರುತ್ತಾನೆ. ನನ್ನ ಹಾಗೆ ಕುಣಿದರೆ ನಿನ್ನವಳಾಗುತ್ತೇನೆ ಎನ್ನುತ್ತಾಳೆ ಮೋಹಿನಿ. ಅವಳು ಮಾಡಿದ್ದನ್ನೆಲ್ಲ ಇವನು ಮಾಡುತ್ತ ಮಾಡುತ್ತ, ಅವಳು ತಲೆಯ ಮೇಲೆ ಕೈಯಿಟ್ಟಾಗ ಇವನೂ ಇಟ್ಟುಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಿತು. ಕೊನೆಯ ಹೊಡೆತ ಬೀಳುವುದು ಮುದ್ರೆಯಿಂದ, ಕತ್ತಿಯಿಂದಲ್ಲ.

ತಂಡವೂ ಚೆನ್ನಾಗಿತ್ತು. ಭಸ್ಮಾಸುರನಾಗಿ ಶೈಲಜಾ, ಕೆರೆಬಿಳಚಿಯ ಹುಡುಗಿ, ಆರಡಿಗೆ ಸ್ವಲ್ಪವೇ ಕಡಿಮೆ. ವಿಷ್ಣುವಾಗಿಯೂ ಮೋಹಿನಿಯಾಗಿಯೂ ಸ್ಫೂರ್ತಿ. ಮೃದಂಗಕ್ಕೆ ರುದ್ರಪ್ಪ. ನಿರೂಪಣೆಗೆ ನಮ್ಮ ಹೊನ್ನಾಳಿಯ ಬಟ್ಟೆ ಅಂಗಡಿಯ ಖಲೀಲ್ ಸಾಬರು. ಶಾಲೆಯಲ್ಲಿ ನನ್ನ ಸಹಪಾಠಿ, ಕಂಚಿನ ಕಂಠ. ಅವರು "ಬನ್ನಿ ಅಕ್ಕಾ, ನೋಡಾಕೆ ದುಡ್ಡಿಲ್ಲ" ಎಂದರೆ ಬೀದಿಯ ಆಚೆ ತುದಿಯ ಹೆಂಗಸರೂ ತಿರುಗುತ್ತಿದ್ದರು.

ಹತ್ತು ದಿನ ಮನೆಯವರ ಮುಖ ನೋಡದೆ ಬರೆದೆ. ಇಲ್ಲಿ ಎಳೆಯರಿಗೆ ಒಂದು ಮಾತು. ರೂಪಕದ ಹಾಳೆಯನ್ನು ಮೂರು ಪಾಲು ಮಾಡಿಕೊಳ್ಳಬೇಕು. ಒಂದರಲ್ಲಿ ಕಣ್ಣಿಗೆ ಕಾಣುವುದು, ಇನ್ನೊಂದರಲ್ಲಿ ಹಾಡು ಮತ್ತು ತಾಳ, ಮತ್ತೊಂದರಲ್ಲಿ ಮಾತು. ಒಂದೇ ಸಂಗತಿ ಎರಡು ಪಾಲಿನಲ್ಲಿ ಕಂಡರೆ ಒಂದನ್ನು ಹೊಡೆದು ಹಾಕಬೇಕು. ಇದು ಈಗಿನ ಜ್ಞಾನ. ಆಗ ನನ್ನ ಹಾಳೆಯಲ್ಲಿ ಮಾತಿನ ಪಾಲು ಉಳಿದೆರಡನ್ನು ಗೋಡೆಗೆ ಒತ್ತಿ ನಿಲ್ಲಿಸಿತ್ತು.

ಚನ್ನಗಿರಿಯಲ್ಲಿ ಮೊದಲ ಆಟ. ಜನ ಬೇಕಾದಷ್ಟು ಸೇರಿದ್ದರು. ಪರದೆ ಸರಿಯಿತು. ಶೈಲಜಾ ಬಂದು ನಿಂತಳು. ಖಲೀಲ್ ಸಾಬರು ನನ್ನ ಗದ್ಯವನ್ನು ಎದೆ ತುಂಬಿ ಓದಿದರು: "ಇದೋ ನೋಡಿ, ಕ್ರೋಧದಿಂದ ಕಣ್ಣರಳಿಸಿ, ಬಲಗಾಲನ್ನು ನೆಲಕ್ಕೆ ಅಪ್ಪಳಿಸಿ, ಮೀಸೆಯನ್ನು ತಿರುವುತ್ತ ಬರುತ್ತಿದ್ದಾನೆ ದೈತ್ಯ." ಆಮೇಲೆ ಶೈಲಜಾ ಕಣ್ಣರಳಿಸಿ, ಬಲಗಾಲು ಅಪ್ಪಳಿಸಿ, ಮೀಸೆ ತಿರುವಿದಳು. ಜನ ಕಿವಿಯಲ್ಲಿ ಒಂದು ಸಲ ನೋಡಿ ಆಗಿತ್ತು, ಈಗ ಕಣ್ಣಲ್ಲಿ ಅದನ್ನೇ ಇನ್ನೊಂದು ಸಲ ನೋಡಿದರು. ಪ್ರತಿ ದೃಶ್ಯದಲ್ಲೂ ಇದೇ ಕಥೆ. ಉಂಡವರಿಗೆ ಮತ್ತೆ ಎಲೆ ಹಾಕಿದಂತೆ.

ಸಾಲದ್ದಕ್ಕೆ, ಕೆಲವು ಕಡೆ ಕುಣಿತದ ಮೇಲೆಯೇ ಮಾತು ಬರೆದಿದ್ದೆ. ಐವರು ಹುಡುಗಿಯರ ಗೆಜ್ಜೆ ಒಟ್ಟಿಗೆ ಸದ್ದು ಮಾಡಿದರೆ ಖಲೀಲ್ ಸಾಬರ ಕಂಚೂ ಕೇಳುವುದಿಲ್ಲ ಎಂದು ಅವತ್ತು ತಿಳಿಯಿತು. ಹಿಂದಿನಿಂದ ಒಬ್ಬರು ಎದ್ದು ನಿಂತರು: "ಏನ್ರೀ, ಗೆಜ್ಜೆ ಸ್ವಲ್ಪ ನಿಲ್ಲಿಸ್ರಿ, ಮಾತು ಕೇಳಂಗಿಲ್ಲ!" ಮುಂದಿನಿಂದ ಇನ್ನೊಬ್ಬರು ತಿರುಗಿದರು: "ಮಾತು ಯಾವನಿಗೆ ಬೇಕು? ಮೈಕು ನಿಲ್ಲಿಸ್ರಿ, ಕುಣಿತ ನೋಡಾಕೆ ಬಂದೀವಿ!" ಜನ ಎರಡು ಪಕ್ಷವಾದರು. ವೇದಿಕೆಯ ಮೇಲೆ ಶಿವ ಮತ್ತು ಭಸ್ಮಾಸುರ, ಕೆಳಗೆ ಗೆಜ್ಜೆ ಪಕ್ಷ ಮತ್ತು ಮೈಕಿನ ಪಕ್ಷ. ಕೆಳಗಿನ ಯುದ್ಧವೇ ಚೆನ್ನಾಗಿತ್ತು.

ಕೊನೆಗೆ ನನ್ನ ಮಹಾಕೃತ್ಯ. ಮೋಹಿನಿ ಕುಣಿಯುವ ಮುಂಚೆ ನಾನು ಬರೆದಿದ್ದ ಸಾಲು: "ಇನ್ನು ಈ ಮೂಢನು ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇರಿಸಿಕೊಂಡು ಬೂದಿಯಾಗಲಿದ್ದಾನೆ, ವೀಕ್ಷಿಸಿರಿ." ಎಲ್ಲರಿಗೂ ಗೊತ್ತಿರುವ ಕಥೆ ತಾನೇ ಎಂದು ಬರೆದಿದ್ದೆ. ಗೊತ್ತಿರುವ ಕಥೆಯಲ್ಲಿ ಜನ ಕಾಯುವುದು ಏನಾಗುತ್ತದೆ ಎಂದಲ್ಲ, ಹೇಗಾಗುತ್ತದೆ ಎಂದು. ಆ ಕಾಯುವಿಕೆಯನ್ನೇ ನಾನು ಮೈಕಿನಲ್ಲಿ ಕಿತ್ತುಕೊಂಡೆ. "ಹಂಗಾರೆ ಮುಗೀತು, ನಡೀರಿ, ಬಸ್ಸು ಹೋಗ್ತತೆ" ಎಂದು ಯಾರೋ ಎದ್ದರು, ಅವರ ಹಿಂದೆ ಅರ್ಧ ಮೈದಾನ ಎದ್ದಿತು. ಸ್ಫೂರ್ತಿ ತನ್ನ ಅತ್ಯುತ್ತಮ ನೃತ್ಯವನ್ನು ಜನರ ಬೆನ್ನುಗಳಿಗೆ ತೋರಿಸಿದಳು.

ವನಜಾ ಮೇಡಂ ಬೈಯಲಿಲ್ಲ. "ಮೂರು ಊರು ಉಳಿದಾವೆ" ಎಂದಷ್ಟೇ ಹೇಳಿ ಗೆಜ್ಜೆಗಳನ್ನು ಚೀಲಕ್ಕೆ ತುಂಬಿದರು. ಬೈದಿದ್ದರೆ ಸುಖವಿತ್ತು.

ನನಗೆ ಮಹಾ ಸಿಟ್ಟು ಬಂದಿತ್ತು, ಜನರ ಮೇಲೆ, ಗೆಜ್ಜೆಯ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಮಾತು ಹೆಚ್ಚಾಯಿತು ತಾನೇ, ತಗೊಳ್ಳಿ ಎಂದು ಮಾತಿನ ಪಾಲನ್ನು ಪೂರ್ತಿ ಹೊಡೆದು ಹಾಕಿದೆ. ಹೊನ್ನಾಳಿಯ ಆಟದಲ್ಲಿ ಒಂದು ಅಕ್ಷರ ನಿರೂಪಣೆ ಇಲ್ಲ. ಹಾಡಿನಲ್ಲೂ ಬರೀ ಸ್ತುತಿ, ಉಳಿದದ್ದೆಲ್ಲ ಮೃದಂಗ ಮತ್ತು ಮುದ್ರೆ. ಖಲೀಲ್ ಸಾಬರು ಕೈಕಟ್ಟಿ ಮೊದಲ ಸಾಲಿನಲ್ಲಿ ಕೂತರು. "ಸರೋಜಾ, ನಂಗೆ ರಜಾ ಕೊಟ್ಟೀಯಾ, ಇಲ್ಲ ಡಿಸ್ಮಿಸ್ಸಾ?" ಎಂದು ಕೇಳಿದರು.

ಸ್ವಂತ ಊರು, ಸ್ವಂತ ಜನ. ಪರದೆ ಸರಿಯಿತು. ರಾಕ್ಷಸ ತಪಸ್ಸು ಮಾಡಿದ. ಶಿವ ಬಂದ. ವರ ಕೊಡುವ ಅಭಿನಯ ಹೇಗೆ? ರಾಕ್ಷಸ ಕೈ ಚಾಚಿ, ಒಬ್ಬರ ತಲೆಯ ಮೇಲೆ ಇಡುವುದನ್ನು ತೋರಿಸುತ್ತಾನೆ, ಶಿವ ಅಭಯಹಸ್ತ ಎತ್ತಿ ಆಗಲಿ ಎನ್ನುತ್ತಾನೆ. ನಮಗೆ ಅದು ಸುಡುವ ಕೈ. ನೋಡುವವರಿಗೆ? ನಮ್ಮ ಸೀಮೆಯಲ್ಲಿ ತಲೆಯ ಮೇಲೆ ಕೈಯಿಡುವುದೆಂದರೆ ಆಶೀರ್ವಾದ. ಹೆಸರು ಯಾರೂ ಹೇಳಿಲ್ಲವಲ್ಲ, ತಪಸ್ಸು ಮಾಡುವ ರಾಕ್ಷಸರು ಪುರಾಣದಲ್ಲಿ ಒಬ್ಬರೇ ಇಬ್ಬರೇ.

ಶೈಲಜಾ ಕೈ ಚಾಚಿಕೊಂಡು ಶಿವನನ್ನು ಅಟ್ಟಿಸಿಕೊಂಡು ಹೋದಳು. ಶಿವ ವೇದಿಕೆಯ ತುಂಬ ಓಡಿದ. ನನ್ನ ಪಕ್ಕದಲ್ಲಿ ಸಾಸ್ವೆಹಳ್ಳಿಯ ಇಬ್ಬರು ಹಿರಿಯರು ಕೂತಿದ್ದರು.

"ಅಲ್ಲಪ್ಪಾ, ಆಶೀರ್ವಾದ ಮಾಡಾಕೆ ಬಂದ್ರೆ ಈ ಶಿವಪ್ಪ ಯಾಕೆ ಹಂಗೆ ಓಡ್ತಾನೆ?" ಎಂದರು ಒಬ್ಬರು.

ಇನ್ನೊಬ್ಬರು ಗಂಭೀರವಾಗಿ ಯೋಚಿಸಿ ಹೇಳಿದರು: "ಆಶೀರ್ವಾದ ಅಲ್ಲೋ. ತಲೆಗೆ ಎಣ್ಣೆ ಹಚ್ಚಾಕೆ ಬಂದಾನೆ ಅವನು. ಜಡೆ ನೋಡಿಲ್ಲೇನು? ಎಷ್ಟು ವರ್ಷ ಆಗೇತೋ ಎಣ್ಣೆ ಕಂಡು!"

ಈ ವ್ಯಾಖ್ಯಾನ ಸಾಲಿನಿಂದ ಸಾಲಿಗೆ ಹರಿಯಿತು. ಎರಡು ನಿಮಿಷದಲ್ಲಿ ಇಡೀ ಹೊನ್ನಾಳಿ ಶಿವನ ಅಭ್ಯಂಜನ ನೋಡುತ್ತಿತ್ತು. "ಹಿಡ್ಕೋ, ಹಿಡ್ಕೋ, ಆ ಕಡೆ ಹೋದ!" ಎಂದು ಜನ ರಾಕ್ಷಸನನ್ನು ಹುರಿದುಂಬಿಸಿದರು. ಮೋಹಿನಿ ಬಂದಾಗ, ಸೀಗೆಕಾಯಿ ತಂದಳು ಎಂದು ಒಬ್ಬಾಕೆ ಪಕ್ಕದವರಿಗೆ ವಿವರಿಸಿದರು. ಕೊನೆಗೆ ಶೈಲಜಾ ತನ್ನ ತಲೆಯ ಮೇಲೇ ಕೈಯಿಟ್ಟು ಬಿದ್ದಾಗ, "ಹೋಗ್ಲಿ ಬಿಡು, ತನಗೇ ಹಚ್ಚಿಕಂಡ" ಎಂದು ಸಾಸ್ವೆಹಳ್ಳಿಯ ಹಿರಿಯರು ಸಮಾಧಾನ ಪಟ್ಟುಕೊಂಡು ಎದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದರಲ್ಲಿ ಎಷ್ಟು ನಗು, ಎಷ್ಟು ಅಳು ಎಂದು ನನಗೇ ಗೊತ್ತಿಲ್ಲ.

ಹೊನ್ನಾಳಿ ಕಲಿಸಿದ್ದು ಇದು. ಕೈ ಬೆಂಕಿ ತೋರಿಸಬಲ್ಲದು, ಹೂ ತೋರಿಸಬಲ್ಲದು, ವಿರಹ ತೋರಿಸಬಲ್ಲದು. "ಒಂದು ವೇಳೆ ಹೀಗೆ ಮಾಡಿದರೆ ಹಾಗೆ ಆಗುತ್ತದೆ" ಎಂಬ ಷರತ್ತನ್ನು ತೋರಿಸಲಾರದು. ಷರತ್ತು, ಹೆಸರು, ಕಾಲ ಕಳೆದದ್ದು, ಸ್ಥಳ ಬದಲಾದದ್ದು ಇವು ಮಾತಿನ ಆಸ್ತಿ. ಭಾವ ಹಾಡಿನ ಆಸ್ತಿ, ಯಾಕೆಂದರೆ ಹಾಡಿನ ಸಾಲನ್ನು ನಾಲ್ಕು ಸಲ ತಿರುಗಿ ತಿರುಗಿ ಹಾಡಬಹುದು, ಕುಣಿಯುವವಳು ಪ್ರತಿ ಸಲ ಅದಕ್ಕೆ ಬೇರೆ ಅರ್ಥ ಕೊಡಬಹುದು. ಮಾತನ್ನು ನಾಲ್ಕು ಸಲ ಹೇಳಿದರೆ ಜನ ಎದ್ದು ಬಂದು ಹೊಡೆಯುತ್ತಾರೆ. ಉಳಿದದ್ದೆಲ್ಲ ಮೈಯದು.

ಹಾಗೆ ನ್ಯಾಮತಿಗೆ ಹೊಸದಾಗಿ ಬರೆದೆ. ವರದ ಷರತ್ತು ಎರಡೇ ವಾಕ್ಯದ ಮಾತು, ಬರೀ ಶ್ರುತಿಯ ಮೇಲೆ, ಗೆಜ್ಜೆ ಸದ್ದಿಲ್ಲದಾಗ. ಅದಾದ ಕೂಡಲೇ ಒಂದು ಪುಟ್ಟ ಪಲ್ಲವಿ: "ಇಟ್ಟರೆ ಕೈ, ಸುಟ್ಟಿತು ಮೈ." ಮೊದಲ ಸಲ ಹಾಡಿದಾಗ ರಾಕ್ಷಸ ತನ್ನ ಕೈಯನ್ನು ತಾನೇ ನಂಬದೆ ನೋಡಿಕೊಳ್ಳುತ್ತಾನೆ. ಎರಡನೆಯ ಸಲ ಒಂದು ಮರದ ಮೇಲೆ ಕೈಯಿಟ್ಟು ನೋಡುತ್ತಾನೆ. ಮೂರನೆಯ ಸಲ ಒಂದು ಬಂಡೆ. ನಾಲ್ಕನೆಯ ಸಲ ಶಿವನತ್ತ ನಿಧಾನಕ್ಕೆ ತಿರುಗುತ್ತಾನೆ. ಸಾಲು ಚಿಕ್ಕದಿದ್ದಷ್ಟೂ ಕುಣಿಯುವವಳಿಗೆ ಜಾಗ ದೊಡ್ಡದು. ವನಜಾ ಮೇಡಂ ಓದಿ, ಅವತ್ತು ಮೊದಲ ಸಲ ಬೆನ್ನು ತಟ್ಟಿದರು.

ಒಂದು ಕಡೆ ಮಾತ್ರ ಮಾತು ಸ್ವಲ್ಪ ಉದ್ದವಿತ್ತು. ಸ್ಫೂರ್ತಿ ವಿಷ್ಣುವಿನ ಉಡುಗೆ ಬಿಚ್ಚಿ ಮೋಹಿನಿಯಾಗಬೇಕು. ಆ ಹೊತ್ತನ್ನು ನಿರೂಪಣೆ ತುಂಬಬೇಕು. ಖಲೀಲ್ ಸಾಬರ ಕೊನೆಯ ಪದ "ಬಂದಳು". ಆ ಪದ ಬಿದ್ದ ತಕ್ಷಣ ರುದ್ರಪ್ಪ ಮೃದಂಗ ಎತ್ತಬೇಕು. ಮಾತಿನಿಂದ ತಾಳಕ್ಕೆ ದಾಟುವುದು ಹೀಗೆ ಒಂದು ಗುರುತಿನ ಪದದ ಮೇಲೆಯೇ.

ನ್ಯಾಮತಿಯಲ್ಲಿ ಆಟ ಚೆನ್ನಾಗಿಯೇ ಏರಿತು. ಷರತ್ತು ಜನಕ್ಕೆ ತಿಳಿಯಿತು, ಎಣ್ಣೆಯ ಸುದ್ದಿ ಬರಲಿಲ್ಲ. ಮೋಹಿನಿಯ ಹೊತ್ತು ಬಂತು. ಒಳಗೆ ಸ್ಫೂರ್ತಿಯ ಸೊಂಟದ ಡಾಬಿನ ಕೊಕ್ಕೆ ಸಿಕ್ಕಿಕೊಂಡಿತು. ಇಬ್ಬರು ಎಳೆದರು, ಮೂವರು ಎಳೆದರು. ನಾನು ಪಕ್ಕದ ಪರದೆಯಿಂದ ಖಲೀಲ್ ಸಾಬರಿಗೆ ಎರಡೂ ಕೈಯಿಂದ ಎಳೆಯುವ ಸನ್ನೆ ಮಾಡಿದೆ: ಲಂಬಿಸಿ, ಲಂಬಿಸಿ. ಅವರು ನನ್ನ ಗದ್ಯ ಮುಗಿಸಿ, ಕೊನೆಯ ಪದವನ್ನು ಬಾಯಲ್ಲೇ ಹಿಡಿದು, ಕಣ್ಣು ಕಣ್ಣು ಬಿಟ್ಟರು. ಆಮೇಲೆ ಅವರಿಗೆ ಗೊತ್ತಿದ್ದ ವಿದ್ಯೆಯನ್ನೇ ತೆಗೆದರು.

"ಮೋಹಿನಿ ಉಟ್ಟ ಸೀರೆಯನ್ನು ಏನೆಂದು ವರ್ಣಿಸಲಿ! ಗಿಳಿಹಸಿರು ಒಡಲು, ಅಂಗೈಯಗಲ ಜರಿಯಂಚು. ಮುಟ್ಟಿದರೆ ಬೆಣ್ಣೆ, ಹಿಂಡಿದರೆ ಸುಕ್ಕಿಲ್ಲ, ತೊಳೆದರೆ ಬಣ್ಣ ಬಿಡದು..."

ಹೆಂಗಸರೆಲ್ಲ ಮುಂದಕ್ಕೆ ಬಾಗಿದರು. "ಸೆರಗು ಹೆಂಗೈತ್ರೀ?" ಎಂದು ಯಾರೋ ಕೇಳಿಯೇಬಿಟ್ಟರು. ಖಲೀಲ್ ಸಾಬರಿಗೆ ಅಂಗಡಿಯ ಗದ್ದುಗೆ ಏರಿದಂತಾಯಿತು. "ಸೆರಗಿನ ತುಂಬ ನವಿಲು ತಾಯಿ! ಹೋದ ತಿಂಗಳು ಇಂಥದ್ದೇ ಸೀರೆ ಕೇಳಿಕೊಂಡು ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು..."

ಬಂದಳು! ರುದ್ರಪ್ಪ ಕಣ್ಣು ಮುಚ್ಚಿ ಕಾಯುತ್ತಿದ್ದವನು, ಪದ ಕಿವಿಗೆ ಬಿದ್ದದ್ದೇ ಧಡಂ ಎಂದು ಪ್ರವೇಶದ ಜತಿ ಎತ್ತಿದ. ಖಾಲಿ ವೇದಿಕೆ, ಭರ್ಜರಿ ಮೃದಂಗ, ಒಳಗೆ ಡಾಬಿನಲ್ಲಿ ಸಿಕ್ಕ ಮೋಹಿನಿ. ವನಜಾ ಮೇಡಂ ತಾಳ ಹಿಡಿದು ರುದ್ರಪ್ಪನನ್ನು ಕಣ್ಣಲ್ಲೇ ಸುಟ್ಟರು. ಅವರ ಕೈಗೆ ವರವಿದ್ದಿದ್ದರೆ ಅವತ್ತು ಮೃದಂಗದ ಬೂದಿಯೂ ಸಿಗುತ್ತಿರಲಿಲ್ಲ. ಕೊನೆಗೆ ಡಾಬನ್ನು ದಾರದಲ್ಲಿ ಕಟ್ಟಿಕೊಂಡು ಸ್ಫೂರ್ತಿ ಹೊರಗೆ ಓಡಿದಳು, ಕುಂಕುಮಗೆಂಪು ಸೀರೆಯಲ್ಲಿ.

"ಹಸಿರು ಅಂದ್ರಲ್ರೀ ಸಾಬ್ರೇ!" ಎಂದು ಹತ್ತು ಬಾಯಿ ಒಟ್ಟಿಗೆ ಕೂಗಿದವು.

ಖಲೀಲ್ ಸಾಬರು ಮೈಕಿನಲ್ಲಿ ತಣ್ಣಗೆ ಹೇಳಿದರು: "ಮಾಯಾವಿ ಆಕಿ. ಬಣ್ಣ ಬದಲಾಗಿದ್ದು ನೀವೇ ಕಣ್ಣಾರೆ ನೋಡಿದ್ರಲ್ಲ."

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಜನ ಕೊನೆಯವರೆಗೂ ಕೂತರು, ಆದರೆ ನೃತ್ಯ ನಡೆಯುವಾಗಲೂ ಸೀರೆಯದೇ ಪಿಸುಮಾತು. ಮರುದಿನ ನ್ಯಾಮತಿಯಿಂದ ನಾಲ್ವರು ಹೆಂಗಸರು ಹೊನ್ನಾಳಿಗೆ ಬಸ್ಸು ಹತ್ತಿ ಬಂದು ಗಿಳಿಹಸಿರು ಸೀರೆ ಕೇಳಿದರಂತೆ. ವನಜಾ ಮೇಡಂ ನಗಲಿಲ್ಲ. "ಕೂತಿದ್ದು ಖರೇ, ಸರೋಜಕ್ಕ. ಆದ್ರೆ ಅವ್ರು ನೋಡಿದ್ದು ಸೀರೆ. ಹುಡುಗೀರು ಕಾಲು ಬೊಬ್ಬೆ ಬರಂಗೆ ಕುಣಿದಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಹೇಳಿದ್ದು ಹಿಂಗಲ್ಲ." ಹೋಗುವಾಗ ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಸೋಮವಾರದಿಂದ ಪರೀಕ್ಷೆ ಪಾಠ ಅಂತ ಮಕ್ಕಳ ಮನೇರಿಗೆ ಹೇಳಿಬಿಟ್ಟೀನಿ" ಎಂದರು. ಜಗಳೂರಿನ ಆಟ ಇದ್ದದ್ದು ಭಾನುವಾರ.

ಆ ವಾರ ವನಜಾ ಮೇಡಂ, ನಾನು, ಶೈಲಜಾ ಮೂವರೂ ನೆಲದ ಮೇಲೆ ಹಾಳೆ ಹರಡಿಕೊಂಡು ಕೂತೆವು. ಮಾತನ್ನು ಮೂರೇ ಕಡೆ ಉಳಿಸಿದೆವು: ಹೆಸರು, ಷರತ್ತು, ಮೋಹಿನಿಯ ಪಂಥ. ಉಡುಗೆ ಬದಲಿಸುವ ಹೊತ್ತನ್ನು ಮಾತಿನಿಂದ ಕಿತ್ತು ರಾಕ್ಷಸನಿಗೇ ಕೊಟ್ಟೆವು; ಮರ, ಬಂಡೆ ಸುಟ್ಟು ನೋಡುವ ಆಟವನ್ನು ಅಲ್ಲಿಗೆ ಸರಿಸಿದರೆ ಡಾಬು ಎಷ್ಟು ಹೊತ್ತು ಸಿಕ್ಕಿಕೊಂಡರೂ ಶೈಲಜಾ ಇನ್ನೊಂದು ಬಂಡೆ ಸುಡಬಹುದು. ಗುರುತಿನ ಪದವನ್ನೂ ಬದಲಿಸಿ, ಸಂತೆಮಾತಿನಲ್ಲಿ ಯಾರ ಬಾಯಲ್ಲೂ ಬಾರದ "ಮೋಹನಾಂಗಿ" ಎಂದು ಇಟ್ಟೆವು.

ಆಗ ಶೈಲಜಾ ಒಂದು ಮಾತು ಹೇಳಿದಳು. "ಮೇಡಂ, ಅವನು ಕೆಟ್ಟೋನೇ ಇರಬಹುದು. ಆದ್ರೆ ಜೀವನದಾಗೆ ಮೊದಲ್ನೇ ಸಲ ಕುಣಿಯಾಕೆ ಕಲೀತಾನಲ್ಲ. ಅವನಿಗೆ ಖುಷಿ ಆಗಲ್ವಾ?"

ವನಜಾ ಮೇಡಂ ಅವಳನ್ನೇ ನೋಡಿದರು. ಅಲ್ಲಿಯವರೆಗೆ ಕೊನೆಯ ನೃತ್ಯದಲ್ಲಿ ರಾಕ್ಷಸ ಮೊದಲಿನಿಂದಲೇ ಪಂಡಿತನಂತೆ ಕುಣಿಯುತ್ತಿದ್ದ. ಈಗ ಅದನ್ನು ಮುರಿದು ಕಟ್ಟಿದರು. ಮೊದಲು ಅವನ ಹೆಜ್ಜೆ ತಪ್ಪಬೇಕು, ಎಡಕ್ಕೆ ಅಂದರೆ ಬಲಕ್ಕೆ ಹೋಗಬೇಕು. ನಿಧಾನದ ಲಯದಲ್ಲಿ ಒಂದು ಹೆಜ್ಜೆ ಸರಿ ಬಿದ್ದಾಗ ಮಗುವಿನಂತೆ ಹಿಗ್ಗಬೇಕು. ಆಮೇಲೆ ಅದೇ ಹೆಜ್ಜೆ ಎರಡರಷ್ಟು ವೇಗದಲ್ಲಿ, ಮತ್ತೆ ಅದರ ಎರಡರಷ್ಟು. ಕೊನೆಗೆ "ತದಿಂಗಿಣತೋಂ" ಎಂಬ ಮುಕ್ತಾಯದ ಸೊಲ್ಲು ಮೂರು ಸಲ. ಮೂರನೆಯ "ತೋಂ" ಬೀಳುವ ಜಾಗದಲ್ಲಿ ಮೃದಂಗ ಹೊಡೆಯಬಾರದು, ತಾಳ ತಟ್ಟಬಾರದು, ಮಾತಾಡಬಾರದು. ಆ ಖಾಲಿ ಜಾಗದಲ್ಲಿ ಕೈ ತಲೆಯ ಮೇಲೆ ಇಳಿಯಬೇಕು. ನನ್ನ ಹಾಳೆಯಲ್ಲಿ ಅಲ್ಲಿ ನಾನು ಬರೆದದ್ದು ಒಂದು ಗೆರೆ ಅಷ್ಟೇ.

ಜಗಳೂರಿನಲ್ಲಿ ಮೆಕ್ಕೆಜೋಳ ಕೊಯ್ಲು ಮುಗಿದಿತ್ತು. ಕಾಲೇಜು ಮೈದಾನದಲ್ಲಿ ಸಂಜೆ ಬೆಳಕಿರುವಾಗಲೇ ಶುರು. ಮುಂದೆ ಟಾರ್ಪಾಲಿನ ಮೇಲೆ ಮಕ್ಕಳ ಹಿಂಡು, ಹಿಂದೆ ಹೆಂಗಸರು, ಅದರ ಹಿಂದೆ ಕಂಬಳಿ ಹೆಗಲಿಗೇರಿಸಿ ನಿಂತ ಗಂಡಸರು. ಹತ್ತಿರದಲ್ಲೇ ಯಾರದೋ ಕುರಿಗಳು ಶ್ರುತಿ ಸೇರಿಸುತ್ತಿದ್ದವು. ವನಜಾ ಮೇಡಂ ಕೈಯಲ್ಲಿ ತಾಳ ಹಿಡಿದು ಕೂತರು. ಮುಖ ಸುಣ್ಣ.

ಹೆಸರು ಹೇಳಿದೆವು, ಷರತ್ತು ಹೇಳಿದೆವು. ಶೈಲಜಾ ಮರ ಸುಟ್ಟಳು, ಬಂಡೆ ಸುಟ್ಟಳು. ಕುರಿಯೊಂದು ಅರಚಿದಾಗ ಅದರತ್ತ ಕೈ ಚಾಚಿ ಒಂದು ಹೆಜ್ಜೆ ಇಟ್ಟಳು. "ಏ ಬ್ಯಾಡ, ಅದು ನಮ್ದು!" ಎಂದು ಹಿಂದಿನಿಂದ ಕೂಗು ಬಂತು. ಮೈದಾನ ಬಿದ್ದು ಬಿದ್ದು ನಕ್ಕಿತು. ಖಲೀಲ್ ಸಾಬರು "ಮೋಹನಾಂಗಿ" ಎಂದರು, ಬೇರೊಂದು ಮಾತೂ ಆಡಲಿಲ್ಲ. ರುದ್ರಪ್ಪ ಎತ್ತಿದ, ಸ್ಫೂರ್ತಿ ಬಂದಳು.

ರಾಕ್ಷಸನ ಮೊದಲ ಹೆಜ್ಜೆ ತಪ್ಪಿದಾಗ ಮಕ್ಕಳು ಕೇಕೆ ಹಾಕಿದವು. ಎರಡನೆಯದು ತಪ್ಪಿದಾಗ ಒಂದು ಹುಡುಗಿ ಎದ್ದು ನಿಂತು, "ಹಂಗಲ್ಲ, ಹಿಂಗೆ!" ಎಂದು ತಾನೇ ಮಾಡಿ ತೋರಿಸಿತು. ಅದರ ಪಕ್ಕದ್ದೂ ಎದ್ದಿತು. ಕಣ್ಣು ಮಿಟುಕಿಸುವುದರಲ್ಲಿ ಟಾರ್ಪಾಲಿನ ಮೇಲಿದ್ದ ಮಕ್ಕಳೆಲ್ಲ ಎದ್ದು ಮೋಹಿನಿಯನ್ನು ನೋಡಿ ಕುಣಿಯತೊಡಗಿದವು. ಅವಳು ಕಮಲ ಮಾಡಿದರೆ ನೂರು ಕಮಲ, ಅವಳು ಜಿಂಕೆ ಮಾಡಿದರೆ ನೂರು ಜಿಂಕೆ. ಶೈಲಜಾ ಒಂದು ಹೆಜ್ಜೆ ಸರಿ ಹಾಕಿ ಹಿಗ್ಗಿದಾಗ ಹೆಂಗಸರು ಸಿಳ್ಳೆ ಹೊಡೆದರು. ಹೌದು, ಹೆಂಗಸರೇ. ರುದ್ರಪ್ಪ ಹಲ್ಲು ಕಿಸಿದುಕೊಂಡು ವೇಗ ಏರಿಸಿದ. ನಾನು ಪರದೆಯ ಮರೆಯಲ್ಲಿ, ಅರವತ್ತು ದಾಟಿದ ಮುದುಕಿ, ನನಗರಿವಿಲ್ಲದೆ ಸೊಂಟದ ಮೇಲೆ ಕೈಯಿಟ್ಟು ಕಾಲು ಹಾಕುತ್ತಿದ್ದೆ.

ತದಿಂಗಿಣತೋಂ. ಮೋಹಿನಿಯ ಕೈ ಮೇಲೆದ್ದಿತು. ತದಿಂಗಿಣತೋಂ. ರಾಕ್ಷಸನ ಕೈ ಎದ್ದಿತು.

"ಏ ತಮ್ಮಾ! ಇಡಬ್ಯಾಡೋ! ಮೋಸ ಐತೆ!"

ಹೆಂಗಸರ ನಡುವಿನಿಂದ ಒಬ್ಬ ಅಜ್ಜಿ ಎದ್ದು, ಎರಡೂ ಕೈ ಎತ್ತಿ ಕೂಗುತ್ತಿದ್ದರು. ಶೈಲಜಾಳ ಕೈ ಗಾಳಿಯಲ್ಲೇ ನಿಂತಿತು. ಮೂರನೆಯ ಸೊಲ್ಲು ಹೇಳಬೇಕಾದ ವನಜಾ ಮೇಡಂ ಬಾಯಿ ತೆರೆದು ಹಾಗೇ ಉಳಿದರು. ಖಲೀಲ್ ಸಾಬರು ಮೈಕು ಬಾಯಿಗೆ ಹಿಡಿದು, ತುಂಬಲೇ ಎಂದು ಕಣ್ಣಲ್ಲೇ ನನ್ನನ್ನು ಕೇಳಿದರು. ನಾನು ಓಡಿಹೋಗಿ ಮೈಕಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದೆ. ಮಾತು ಬರೆದು ಬದುಕಿದವಳು ನಾನು, ಅವತ್ತು ಮಾಡಿದ ಅತ್ಯುತ್ತಮ ಕೆಲಸ ಅದು.

ಶೈಲಜಾ ಅಜ್ಜಿಯತ್ತ ತಿರುಗಿದಳು. ಕೈಯನ್ನು ನೋಡಿದಳು. ಮೋಹಿನಿಯನ್ನು ನೋಡಿದಳು. ಸ್ಫೂರ್ತಿ ನಕ್ಕು, ಬಾ ಎಂದು ಹುಬ್ಬು ಹಾರಿಸಿದಳು. ಕೈ ಒಂದು ಗೇಣು ಇಳಿಯಿತು. "ಬ್ಯಾಡಾ!" ಎಂದಿತು ಮೈದಾನ. ಕೈ ಮೇಲೆದ್ದಿತು. "ಹ್ಞಾಂ!" ಮತ್ತೆ ಇಳಿಯಿತು. "ಬ್ಯಾಡಾ!" ಗಂಡಸರೂ ಸೇರಿಕೊಂಡರು. ರುದ್ರಪ್ಪನ ಬೆರಳುಗಳು ಕೈ ಇಳಿದಾಗ ಗುಡುಗಿದವು, ಎದ್ದಾಗ ಮೆಲ್ಲಗಾದವು. ನಾನು ಬರೆದ ಖಾಲಿ ಗೆರೆಯೊಳಗೆ ಇಡೀ ಜಗಳೂರು ಬಂದು ನಿಂತಿತ್ತು.

ವನಜಾ ಮೇಡಂ ಕೊನೆಗೂ ಉಸಿರೆಳೆದು, ಬಹಳ ಮೆಲ್ಲಗೆ, ಜೋಗುಳದಂತೆ ಹೇಳಿದರು: ತದಿಂಗಿಣ...

ಮೃದಂಗ ನಿಂತಿತು. ಕೈ ತಲೆಯ ಮೇಲೆ ಇಳಿಯಿತು. ಶೈಲಜಾ ಆಗಲೂ ನಗುತ್ತಿದ್ದಳು, ಹೆಜ್ಜೆ ಸರಿ ಬಿತ್ತು ಎಂಬ ನಗು. ಅದೇ ನಗುವಿನಲ್ಲಿ ಮೆಲ್ಲಗೆ ಕುಸಿದಳು. ಯಾರೂ ಉಸಿರಾಡಲಿಲ್ಲ. ಕುರಿಗಳು ಕೂಡ. ಕೆಳಗೆ ನೂರು ಮಕ್ಕಳು ತಮ್ಮ ತಮ್ಮ ತಲೆಯ ಮೇಲೆ ಕೈಯಿಟ್ಟು ನಿಂತಿದ್ದವು. ಮೊದಲು ಒಂದಕ್ಕೆ ಅದು ಗೊತ್ತಾಗಿ "ಅಯ್ಯಯ್ಯೋ!" ಎಂದು ಕಿರುಚಿತು. ಆಮೇಲೆ ನೂರೂ ಮಕ್ಕಳು ನಗುತ್ತ, ಕಿರುಚುತ್ತ ಒಂದರ ಮೇಲೊಂದು ಬೂದಿಯಾಗಿ ಬಿದ್ದವು.

ಆಟ ಮುಗಿದ ಮೇಲೂ ಒಬ್ಬರೂ ಕದಲಲಿಲ್ಲ. ಆ ಅಜ್ಜಿ ವೇದಿಕೆ ಹತ್ತಿ ಬಂದು ಶೈಲಜಾಳ ಕಿರೀಟ ತೆಗೆಸಿ, ನೆತ್ತಿ ಮುಟ್ಟಿ ನೋಡಿದರು. "ಎಷ್ಟು ಚಲೋ ಕುಣಿಯಾಕೆ ಕಲ್ತಿದ್ದಿ ತಮ್ಮಾ, ಯಾಕೆ ಇಟ್ಟೆ?" ಎಂದು ಬೈದರು. ಅವಳು ಹುಡುಗಿ ಎಂದು ತಿಳಿದ ಮೇಲೆ ಇನ್ನೂ ಎರಡು ಬೈಗುಳ ಸೇರಿಸಿ, ದೃಷ್ಟಿ ನಿವಾಳಿಸಿ ನಟಿಕೆ ಮುರಿದರು. ಪಕ್ಕದಲ್ಲಿ ವನಜಾ ಮೇಡಂ ತಾಳವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು.

ಟೆಂಪೋ ಹೊರಟಿತು. ವನಜಾ ಮೇಡಂ ಮುಂದಿನ ಸೀಟಿನಲ್ಲಿ ಬೆನ್ನು ತೋರಿಸಿ ಕೂತಿದ್ದರು. ಹಿಂದೆ ಹುಡುಗಿಯರು ಪಿಸುಗುಡಲೂ ಹೆದರಿದ್ದರು. ಊರು ದಾಟಿದ ಮೇಲೆ ಶೈಲಜಾಳೇ ಧೈರ್ಯ ಮಾಡಿದಳು. "ಮೇಡಂ, ನಾಳೆ ಪರೀಕ್ಷೆ ಪಾಠಕ್ಕೆ ಎಷ್ಟು ಗಂಟೆಗೆ ಬರಾಣ?"

ವನಜಾ ಮೇಡಂ ತಿರುಗಲಿಲ್ಲ. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ತಿರುಗಿದಾಗ ನೋಡಿದರೆ ನಗು, ಕಣ್ಣಲ್ಲಿ ನೀರು ಸುರಿಯುವಷ್ಟು ನಗು.

"ಯಾವ ಪಾಠ? ಸರೋಜಕ್ಕ ಹೊಸಾ ಕಥಿ ತರ್ತಾರೆ. ಆರು ಗಂಟೆಗೆ ರಿಹರ್ಸಲ್ಲಿಗೆ ಬರ್ರಿ!"

ಹುಡುಗಿಯರು ಎಬ್ಬಿಸಿದ ಕೂಗಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ, ಮುಖ ಬಿಳಿಚಿಕೊಂಡು ಹಿಂದಕ್ಕೆ ತಿರುಗಿದ. "ಯಾರಿಗೆ ಏನಾತ್ರೀ?"

ಅವನ ಮುಖ ನೋಡಿ ನಾವೆಲ್ಲ ಇನ್ನಷ್ಟು ನಕ್ಕೆವು.